ಮೂರ್ತಿ ಬೇಡ ಅಂದವರು ಏನನ್ನ ಉಳಿಸಿಕೊಂಡರು?

ಡಿಗ್ರಿಯಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಓದುವವರ ಉತ್ತರ ಪತ್ರಿಕೆಯಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತದೆ. ಹಿಂದೂಗಳು, ಕ್ಯಾಥೊಲಿಕ್ಕರು ಮೂರ್ತಿಪೂಜೆ ಮಾಡುತ್ತಾರೆ. ಯೆಹೂದಿಗಳು, ಮುಸ್ಲಿಮರು, ಶರಣರು ಮಾಡುವುದಿಲ್ಲ. ಅಲ್ಲಿಗೆ ಎರಡು ಡಬ್ಬಿ ಆಯಿತು, ಎಲ್ಲರನ್ನೂ ಒಂದೊಂದರಲ್ಲಿ ಹಾಕಿ ಮುಚ್ಚಿದ್ದಾಯಿತು. ಈ ವಾಕ್ಯ ಪೂರ್ತಿ ಸುಳ್ಳಲ್ಲ. ಆದರೆ ಇದನ್ನ ಹಿಡಿದುಕೊಂಡು ಹೊರಟರೆ ಮುಂದೆ ಏನೂ ಅರ್ಥ ಆಗುವುದಿಲ್ಲ. ಗಣೇಶನ ಹಬ್ಬದ ಹೊತ್ತಿಗೆ ಆನ್‌ಲೈನಿನಲ್ಲಿ ಶುರುವಾಗುವ ಜಗಳವೂ ಇದೇ ಡಬ್ಬಿಗಳಿಂದಲೇ ಬರುತ್ತದೆ. ಒಬ್ಬ "ನೀವು ಮಣ್ಣಿಗೆ ಕೈ ಮುಗಿಯುತ್ತೀರಿ" ಅನ್ನುತ್ತಾನೆ, ಇನ್ನೊಬ್ಬ "ನೀವೂ ಕಲ್ಲಿಗೆ ಮುತ್ತು ಕೊಡ್ತೀರಲ್ವಾ" ಅನ್ನುತ್ತಾನೆ. ಇಬ್ಬರೂ ಅಲ್ಲೇ ನಿಂತುಬಿಡುತ್ತಾರೆ.

ನಾನು ಪಾಠ ಮಾಡುವಾಗ ಬೇರೆ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಮೂರ್ತಿ ಬೇಡ ಅಂದವರು ಅದರ ಜಾಗದಲ್ಲಿ ಏನನ್ನ ಉಳಿಸಿಕೊಂಡರು? ಯಾಕೆಂದರೆ ವಸ್ತುವೇ ಇಲ್ಲದ ಪೂಜೆ ಬಹಳ ಅಪರೂಪ. ಒಂದನ್ನ ಬಿಟ್ಟವರು ಇನ್ನೊಂದನ್ನ ಹಿಡಿದೇ ಇರುತ್ತಾರೆ. ಹಿಡಿದದ್ದು ಯಾವುದು, ಬಿಟ್ಟದ್ದು ಯಾವುದು ಅಂತ ಪಕ್ಕಪಕ್ಕ ಇಟ್ಟು ನೋಡಿದರೆ, ಅವರ ಜಗಳ ನಿಜವಾಗಿ ಯಾವುದರ ಮೇಲೆ ಅನ್ನುವುದು ಗೊತ್ತಾಗುತ್ತದೆ.

ನಮ್ಮ ಮನೆ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದರು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಮಣೆ ಮೇಲೆ ಕೂತು ಕೊರಳಲ್ಲಿದ್ದ ಶಿವದಾರದ ಬೆಳ್ಳಿ ಕರಡಿಗೆಯನ್ನ ತೆಗೆಯುತ್ತಿದ್ದರು. ಅದರ ಮುಚ್ಚಳ ಬಿಚ್ಚಿದರೆ ಒಳಗೆ ಬಟ್ಟೆಯಲ್ಲಿ ಸುತ್ತಿದ ಇಷ್ಟಲಿಂಗ. ಗುಂಡಗೆ, ನುಣ್ಣಗೆ, ಕರ್ರಗೆ. ಒಳಗಿರುವುದು ಸಣ್ಣ ಕಲ್ಲು, ಮೇಲೆ ಕಪ್ಪು ಲೇಪ. ಎಡಗೈ ಅಂಗೈಯಲ್ಲಿ ಅದನ್ನ ಇಟ್ಟುಕೊಂಡು, ಒಂದೆರಡು ಹನಿ ನೀರು, ಮೇಲೊಂದು ಪತ್ರೆ. ಆಮೇಲೆ ಕೈಯನ್ನ ಕಣ್ಣಿನ ಮಟ್ಟಕ್ಕೆ ಎತ್ತಿ ಸುಮ್ನೆ ನೋಡುತ್ತಾ ಕೂರುವುದು. ಆ ಕರಿ ಮೈ ಮೇಲೆ ದೀಪದ ಒಂದು ಚುಕ್ಕಿ ಬೆಳಕು ನಿಂತಿರುತ್ತಿತ್ತು, ಅಜ್ಜಿಯ ಕಣ್ಣು ಅಲ್ಲೇ ನೆಟ್ಟಿರುತ್ತಿತ್ತು. ನಾನು ಚಿಕ್ಕವನಿದ್ದಾಗ ಒಮ್ಮೆ ಕೇಳಿದೆ, "ಅಜ್ಜಿ, ಇದೂ ಕಲ್ಲೇ ಅಲ್ವಾ?" ಅವರಿಗೆ ಸಿಟ್ಟು ಬರಲಿಲ್ಲ. "ಹೌದಪ್ಪಾ, ಕಲ್ಲೇ. ಗುರು ಕೈಗೆ ಕೊಟ್ಟ ಮೇಲೆ ಲಿಂಗ."

ಈ ಉತ್ತರವನ್ನ ಒಂದು ಕಡೆ ಇಟ್ಟುಕೊಂಡಿರಿ, ಮತ್ತೆ ಬೇಕಾಗುತ್ತದೆ.

ಈಗ 12ನೇ ಶತಮಾನದ ಶರಣರು ಏನನ್ನ ಬೇಡ ಅಂದರು ನೋಡೋಣ. ಬಸವಣ್ಣನ ಒಂದು ವಚನ ದೇವರುಗಳನ್ನ ಒಬ್ಬೊಬ್ಬರನ್ನಾಗಿ ಪರೀಕ್ಷೆಗೆ ನಿಲ್ಲಿಸುತ್ತದೆ. ಅರಗು ತಿಂದು ಕರಗುವ ದೈವ, ಉರಿಯ ಕಂಡರೆ ಮುರುಟುವ ದೈವ, ಅವಸರ ಬಂದರೆ ಮಾರುವ ದೈವ, ಅಂಜಿಕೆಯಾದರೆ ಹೂಳುವ ದೈವ, ಇವುಗಳನ್ನ ಹೇಗೆ ಸರಿ ಅನ್ನಲಿ ಅಂತ ಕೇಳುತ್ತದೆ. ಗಮನಿಸಿ, ಇಲ್ಲಿ ದೇವರಿಗೆ ರೂಪ ಕೊಡಬಾರದು ಅನ್ನುವ ಮಾತೇ ಇಲ್ಲ. ಮೊದಲೆರಡು ಮಾತು ವಸ್ತುವಿನ ಬಗ್ಗೆ: ಅದು ಕರಗುತ್ತದೆ, ಮುರುಟುತ್ತದೆ. ಕೊನೆಯ ಎರಡು ಮನುಷ್ಯನ ಬಗ್ಗೆ: ದುಡ್ಡು ಬೇಕಾದಾಗ ಅವನು ದೇವರನ್ನ ಮಾರುತ್ತಾನೆ, ಕಳ್ಳರ ಭಯವೋ ದಂಡು ಬರುವ ಭಯವೋ ಆದಾಗ ನೆಲ ಅಗೆದು ಮುಚ್ಚಿಡುತ್ತಾನೆ. ಕಾಪಾಡಬೇಕಾದ ದೇವರನ್ನ ಭಕ್ತನೇ ಕಾಪಾಡಬೇಕಾಗಿದೆ.

ಇದಕ್ಕೆ ಹತ್ತಿರದ ವಾದ ಇದಕ್ಕಿಂತ ಎಷ್ಟೋ ಶತಮಾನ ಮೊದಲೇ ಹೀಬ್ರೂ ಬೈಬಲ್ಲಿನ ಯೆಶಾಯನ 44ನೇ ಅಧ್ಯಾಯದಲ್ಲಿ ಇದೆ. ಒಬ್ಬ ಮರ ಕಡಿಯುತ್ತಾನೆ. ಅರ್ಧದಲ್ಲಿ ಒಲೆ ಹಚ್ಚಿ ರೊಟ್ಟಿ ಸುಟ್ಟು, ಮಾಂಸ ಬೇಯಿಸಿ, ಮೈ ಬೆಚ್ಚಗೆ ಮಾಡಿಕೊಳ್ಳುತ್ತಾನೆ. ಉಳಿದ ಅರ್ಧದಲ್ಲಿ ದೇವರನ್ನ ಕೆತ್ತಿ ಕಾಪಾಡು ಅಂತ ಅಡ್ಡಬೀಳುತ್ತಾನೆ. ಎರಡು ಕಡೆಯೂ ವಾದದ ಹುರುಳು ಒಂದೇ, ನಿಮ್ಮ ದೇವರು ಸರಕಿನ ಗುಣವನ್ನ ದಾಟಲಿಲ್ಲ ಅನ್ನುವುದು. ಒಬ್ಬರನ್ನ ಒಬ್ಬರು ಓದಿರಲಿಲ್ಲ. ಹಾಗಾಗಿ ಈ ಹೋಲಿಕೆ ನೋಡಿ ಯಾರು ಯಾರಿಂದ ಕಲಿತರು ಅಂತ ಬರೆಯಲು ಹೋಗಬೇಡಿ, ಮಾರ್ಕ್ಸ್ ಹೋಗುತ್ತದೆ. ಮೂರ್ತಿ ಮಾಡುವುದನ್ನ ಹತ್ತಿರದಿಂದ ಕಂಡವರಿಗೆ ಎಲ್ಲಿದ್ದರೂ ಹೊಳೆಯಬಹುದಾದ ವಾದ ಇದು.

ಅಲ್ಲಮ ಇನ್ನೂ ನೇರ. ಕಲ್ಲ ಮನೆಯ ಮಾಡಿ, ಕಲ್ಲ ದೇವರ ಮಾಡಿ, ಆ ಕಲ್ಲು ಕಲ್ಲ ಮೇಲೆ ಕೆಡೆದರೆ ದೇವರೆತ್ತ ಹೋದರೋ ಅಂತ ಕೇಳುತ್ತಾನೆ.

ಇಲ್ಲಿ ನಿಲ್ಲಬೇಕು. ಬಹಳಷ್ಟು ಪುಸ್ತಕಗಳು ಈ ವಚನ ಕೊಟ್ಟು ಮುಂದೆ ಹೋಗುತ್ತವೆ, ದೇವಸ್ಥಾನದವರ ಹತ್ತಿರ ಇದಕ್ಕೆ ಉತ್ತರವೇ ಇರಲಿಲ್ಲ ಅನ್ನುವ ಹಾಗೆ. ಉತ್ತರ ಇತ್ತು. ಆಗಮಗಳನ್ನ ಅನುಸರಿಸುವ ದೇವಸ್ಥಾನದಲ್ಲಿ ಶಿಲ್ಪಿ ಕೆತ್ತಿ ಮುಗಿಸಿದ ಕೂಡಲೇ ಅದು ದೇವರಾಗುವುದಿಲ್ಲ. ಕಣ್ಣು ತೆರೆಸುವ ವಿಧಿ ಇದೆ, ಪ್ರಾಣಪ್ರತಿಷ್ಠೆ ಇದೆ. ಹಾಗೆಯೇ ಗರ್ಭಗುಡಿ ರಿಪೇರಿಗೆ ಬಂದರೆ, ಮೂರ್ತಿ ಭಿನ್ನವಾದರೆ, ಮೊದಲು ಮೂರ್ತಿಯಲ್ಲಿರುವ ದೈವದ ಕಳೆಯನ್ನ ನೀರು ತುಂಬಿದ ಕುಂಭಕ್ಕೆ ಇಳಿಸಿಕೊಳ್ಳುತ್ತಾರೆ. ಕಲಾಕರ್ಷಣ ಅಂತ ಅದರ ಹೆಸರು. ಕೆಲಸ ಮುಗಿಯುವ ತನಕ ಬಾಲಾಲಯ ಅಂತ ಪುಟ್ಟ ಗುಡಿಯಲ್ಲಿ ಪೂಜೆ ನಡೆಯುತ್ತದೆ. ಕೆಲಸ ಮುಗಿದ ಮೇಲೆ ಕುಂಭದಿಂದ ಮತ್ತೆ ಮೂರ್ತಿಗೆ. ಅಂದರೆ "ಕಲ್ಲು ಬಿದ್ದರೆ ದೇವರೆತ್ತ ಹೋದರು" ಅಂತ ಅಲ್ಲಮ ಕೇಳಿದರೆ, ಒಬ್ಬ ಆಗಮಿಕ "ಕುಂಭಕ್ಕೆ ಹೋದರು ಸ್ವಾಮೀ" ಅಂತ ನೇರವಾಗಿ ಹೇಳಬಲ್ಲ. ಮನೆಯ ಗಣೇಶನಲ್ಲೂ ಇದೇ ಲೆಕ್ಕ. ಆವಾಹನೆ ಮಾಡಿ ಕರೆಯುತ್ತೇವೆ, ಹೊರಡಿಸುವಾಗ ಮಂತ್ರ ಹೇಳಿ ಮೂರ್ತಿಯನ್ನ ಕೂತ ಜಾಗದಿಂದ ಸ್ವಲ್ಪ ಸರಿಸುತ್ತೇವೆ, ಆಮೇಲೆ ನೀರಿಗೆ ಬಿಡುವುದು ಮಣ್ಣನ್ನ. ಕರಗುವುದು ಇಲ್ಲಿ ದೋಷವೇ ಅಲ್ಲ, ಕರಗಲಿ ಅಂತಲೇ ಮಣ್ಣಲ್ಲಿ ಮಾಡಿದ್ದು.

ಹಾಗಾದರೆ ಶರಣರ ವಾದ ಬಿದ್ದು ಹೋಯಿತಾ? ಇಲ್ಲ. ಅದರ ಭಾರ ಇನ್ನೊಂದು ಕಡೆ ಇತ್ತು. ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡುವೆ ಬಡವನಯ್ಯಾ ಅನ್ನುವ ವಚನ ಎಲ್ಲರಿಗೂ ಬಾಯಿಪಾಠ ಇದೆ, ಆದರೆ ಅದನ್ನ ಮೂರ್ತಿ ಚರ್ಚೆಯ ದಾಖಲೆಯಾಗಿ ಓದುವವರು ಕಡಿಮೆ. ಮೇಲೆ ಹೇಳಿದ ವಿಧಿಗಳನ್ನ ಮತ್ತೊಮ್ಮೆ ನೋಡಿ. ಕಣ್ಣು ತೆರೆಸಲು, ಕಳೆ ಇಳಿಸಲು, ಮತ್ತೆ ತುಂಬಲು ಅಧಿಕಾರ ಇರುವ ಅರ್ಚಕ ಬೇಕು. ಗುಡಿಗೆ ಭೂಮಿ ಬೇಕು, ದತ್ತಿ ಬೇಕು. ಗರ್ಭಗುಡಿ ಒಳಗೆ ಯಾರು ಹೋಗಬಹುದು, ಹೊಸಿಲಲ್ಲಿ ಯಾರು ನಿಲ್ಲಬೇಕು, ಬೀದಿಗೇ ಯಾರು ಬರಬಾರದು ಅನ್ನುವ ಗೆರೆಗಳೆಲ್ಲ ಆ ಕಲ್ಲಿನ ಸುತ್ತ ಎಳೆದಿದ್ದವು. ಬಸವಣ್ಣ ಕಾಲನ್ನ ಕಂಬ ಮಾಡಿ, ದೇಹವನ್ನ ದೇಗುಲ ಮಾಡಿ, ತಲೆಯನ್ನ ಹೊನ್ನ ಕಳಸ ಮಾಡಿದಾಗ ಆ ಗೆರೆಗಳೆಲ್ಲ ಒಮ್ಮೆಗೇ ಕೆಲಸ ಕಳೆದುಕೊಳ್ಳುತ್ತವೆ. ನನ್ನ ಮೈಯನ್ನ ನಾನು ಮುಟ್ಟಬಾರದು ಅಂತ ಹೇಳುವವರು ಯಾರು?

ಈಗ ಉಳಿಸಿಕೊಂಡದ್ದನ್ನ ನೋಡಿ. ಕಲ್ಲನ್ನ ಬೇಡ ಅಂದವರು ಕೈಯಲ್ಲಿ ಹಿಡಿದದ್ದೂ ಕಲ್ಲನ್ನೇ. ಆದರೆ ಅದು ನೆಟ್ಟ ಕಲ್ಲಲ್ಲ. ಒಬ್ಬರಿಗೆ ಒಂದು. ಗಂಡಿಗೂ ಇದೆ, ಹೆಣ್ಣಿಗೂ ಇದೆ. ಅಂಗೈಯೇ ಪೀಠ. ನಡುವೆ ಅರ್ಚಕ ಇಲ್ಲ. ಮೈ ಬಿಟ್ಟು ಇಳಿಸುವ ಹಾಗಿಲ್ಲ. ಹಾಗಾಗಿ ಶರಣರ ಜಗಳ ಕಲ್ಲಿನ ಜೊತೆಗಿಂತ ಜಾಸ್ತಿ, ಕಲ್ಲನ್ನ ಒಂದೇ ಕಡೆ ನೆಟ್ಟು ಅದಕ್ಕೆ ಕಾವಲು ಕೂತ ವ್ಯವಸ್ಥೆಯ ಜೊತೆಗೆ. ಇದನ್ನ ಸ್ಥಾವರ, ಜಂಗಮ, ಅಂದರೆ ನೆಟ್ಟು ನಿಂತದ್ದು, ನಡೆದಾಡುವುದು ಅನ್ನುವ ಅವರದೇ ಎರಡು ಮಾತು ಎಷ್ಟು ಚೆನ್ನಾಗಿ ಹಿಡಿಯುತ್ತವೆ ಅಂದರೆ, ನಾವು ಹೊರಗಿನಿಂದ ಬೇರೆ ಪದ ತರಬೇಕಾಗಿಯೇ ಇಲ್ಲ.

ಅವರದೇ ಇನ್ನೊಂದು ಪದ ಕುರುಹು. ಇಷ್ಟಲಿಂಗ ಅರಿವಿನ ಕುರುಹು. ಕುರುಹು ಅಂದರೆ ಗುರುತು. ಹೊಲದ ಬದುವಿಗೆ ನೆಟ್ಟ ಕಲ್ಲು ಬದುವಿನ ಕುರುಹು, ಆದರೆ ಆ ಕಲ್ಲು ಬದುವಿನ ಹಾಗೆ ಕಾಣುವುದಿಲ್ಲ. ಮುಖ, ಕೈ, ಆಯುಧ ಇರುವ ಮೂರ್ತಿ ಹೋಲಿಕೆಯಿಂದ ಕೆಲಸ ಮಾಡುತ್ತದೆ. ಕುರುಹಿಗೆ ಹೋಲಿಕೆ ಬೇಡ. ಅನೈಕಾನಿಸಂ ಅನ್ನುವ ಪದ ಮುಖ್ಯವಾಗಿ ಇದರ ಬಗ್ಗೆಯೇ: ದೇವರನ್ನ ಮನುಷ್ಯನ ಅಥವಾ ಪ್ರಾಣಿಯ ರೂಪದಲ್ಲಿ ತೋರಿಸದೇ ಪೂಜಿಸುವುದು. ಇದರಲ್ಲಿ ಎರಡು ಬಗೆ ಇದೆ ಅಂತ ಸ್ವೀಡನ್ನಿನ ವಿದ್ವಾಂಸ ಟ್ರಿಗ್ವೆ ಮೆಟ್ಟಿಂಗರ್ ಬಿಡಿಸಿ ತೋರಿಸಿದರು. ಒಂದರಲ್ಲಿ ಕೆತ್ತದ ಕಲ್ಲಿನಂಥ ವಸ್ತು ನಡುವೆ ಇರುತ್ತದೆ. ಇನ್ನೊಂದರಲ್ಲಿ ನಡುವೆ ಖಾಲಿ ಜಾಗ ಇರುತ್ತದೆ, ಯೆರೂಸಲೇಮಿನ ದೇವಾಲಯದಲ್ಲಿ ರೆಕ್ಕೆಯ ಕೆರೂಬಿಗಳ ಮೇಲೆ ಕಾಣದ ದೇವರು ಕೂತಿದ್ದಾನೆ ಅಂದುಕೊಂಡ ಹಾಗೆ. ಆ ಕೆರೂಬಿಗಳು ಮಾತ್ರ ಕೆತ್ತಿದ ಆಕೃತಿಗಳೇ. ಮೆಟ್ಟಿಂಗರ್ ಇನ್ನೊಂದು ಮುಖ್ಯ ಮಾತು ಹೇಳುತ್ತಾರೆ: ಮೂರ್ತಿ ಇಲ್ಲದಿರುವುದು ಬೇರೆ, ಮೂರ್ತಿ ಕೂಡದು ಅನ್ನುವುದು ಬೇರೆ.

ಈ ಕೊನೆಯ ಮಾತಿಗೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ದಂಡೆಯ ಸನ್ನತಿ ಹತ್ತಿರ ಕನಗನಹಳ್ಳಿಯ ಸ್ತೂಪ ಸಿಕ್ಕಿತು. ಬ್ರಾಹ್ಮಿ ಅಕ್ಷರದಲ್ಲಿ "ರಾಯ ಅಸೋಕೋ" ಅಂತ ಹೆಸರು ಕೆತ್ತಿರುವ ಅಶೋಕನ ಶಿಲ್ಪ ಸಿಕ್ಕಿದ್ದು ಅಲ್ಲೇ. ರಾಜನನ್ನ ರೂಪ ಕೊಟ್ಟು ಕೆತ್ತಿದ್ದಾರೆ, ಆದರೆ ಅಲ್ಲಿನ ಫಲಕಗಳಲ್ಲಿ ಬುದ್ಧ ಇರಬೇಕಾದ ಕಡೆ ಖಾಲಿ ಪೀಠ, ಪಾದದ ಗುರುತು, ಬೋಧಿವೃಕ್ಷ, ಚಕ್ರ ಕಾಣುತ್ತವೆ. ಅದೇ ಜಾಗದಲ್ಲಿ ಆಮೇಲಿನ ಬುದ್ಧ ಪ್ರತಿಮೆಗಳೂ ಸಿಕ್ಕಿವೆ. ಫ್ರಾನ್ಸಿನ ಆಲ್ಫ್ರೆಡ್ ಫೂಶೆ 20ನೇ ಶತಮಾನದ ಮೊದಲಲ್ಲಿ, ಹಳೇ ಬೌದ್ಧರು ಬುದ್ಧನ ರೂಪ ತೋರಿಸುತ್ತಿರಲಿಲ್ಲ, ಈ ಚಿಹ್ನೆಗಳು ಅವನ ಬದಲಿಗೆ ಬಂದವು ಅಂದರು. 1990ರಲ್ಲಿ ಸೂಸನ್ ಹಂಟಿಂಗ್ಟನ್ ಇದನ್ನ ತಿರುಗಿಸಿ ಕೇಳಿದರು. ಅದು ಬುದ್ಧನ ಕಥೆಯ ದೃಶ್ಯವೇ ಅಂತ ಯಾಕೆ ಅಂದುಕೊಳ್ಳಬೇಕು? ಭಕ್ತರು ಬೋಧಿವೃಕ್ಷಕ್ಕೆ ಹೋಗಿ ಪೂಜೆ ಮಾಡುವ ಚಿತ್ರ ಇರಬಹುದಲ್ವಾ? ಹಾಗಿದ್ದರೆ ಅಲ್ಲಿ ಯಾರೂ ಕಾಣೆಯಾಗಿಲ್ಲ. ಈ ವಾದ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ ಎಲ್ಲ ಫಲಕಗಳಿಗೂ ಒಂದೇ ಉತ್ತರ ಹೊಂದುವುದಿಲ್ಲ. ಆದರೆ ಒಂದಂತೂ ಕಲಿಯಬೇಕು, ಮೂರ್ತಿ ಕಾಣದ ಕಡೆಯೆಲ್ಲ ಮೂರ್ತಿ ವಿರೋಧ ಇತ್ತು ಅಂತ ಬರೆಯಬಾರದು. ವಿರೋಧ ಇತ್ತು ಅನ್ನಬೇಕಾದರೆ ಯಾರಾದರೂ ವಿರೋಧಿಸಿ ಹೇಳಿದ ಮಾತು ಬೇಕು, ಇಲ್ಲವೇ ಒಡೆದ ಗುರುತು ಬೇಕು.

ಮಾತು, ಗುರುತು ಎರಡೂ ಸಿಗುವ ಜಾಗ ಅಂದರೆ ಬೈಜಾಂಟಿಯಂ, ಇವತ್ತಿನ ಇಸ್ತಾಂಬುಲ್. 8 ಮತ್ತು 9ನೇ ಶತಮಾನದಲ್ಲಿ ಅಲ್ಲಿನ ಕ್ರೈಸ್ತರು ಯೇಸುವಿನ, ಸಂತರ ಚಿತ್ರ ಇರಬೇಕೋ ಬೇಡವೋ ಅಂತ ನೂರು ವರ್ಷಕ್ಕೂ ಜಾಸ್ತಿ ಬಡಿದಾಡಿದರು. 754ರಲ್ಲಿ ಚಕ್ರವರ್ತಿ ಐದನೇ ಕಾನ್‌ಸ್ಟಂಟೈನ್ ಹಿಯೆರಿಯಾದಲ್ಲಿ 338 ಬಿಷಪ್ಪರ ಸಭೆ ಸೇರಿಸಿ ಚಿತ್ರ ಕೂಡದು ಅನ್ನಿಸಿದ. ಅವರ ವಾದ ಬಸವಣ್ಣನದರ ಹಾಗೆ ಇಲ್ಲವೇ ಇಲ್ಲ. ಕ್ರಿಸ್ತ ದೇವರೂ ಹೌದು, ಮನುಷ್ಯನೂ ಹೌದು, ಎರಡೂ ಬೇರ್ಪಡುವುದಿಲ್ಲ. ಚಿತ್ರ ಬರೆಯುವವನು ಏನನ್ನ ಬರೆದ? ದೈವತ್ವವನ್ನೂ ಬರೆದೆ ಅಂದರೆ, ಗೆರೆಗೆ ಸಿಗದ ದೇವರನ್ನ ಗೆರೆಯಲ್ಲಿ ಕಟ್ಟಿಹಾಕಿ ಎರಡನ್ನೂ ಕಲಸಿದ ಹಾಗಾಯಿತು. ಮನುಷ್ಯನನ್ನ ಮಾತ್ರ ಬರೆದೆ ಅಂದರೆ ಎರಡನ್ನೂ ಸೀಳಿದ ಹಾಗಾಯಿತು. ಎರಡು ಕಡೆಯೂ ತಪ್ಪು. ಇಲ್ಲಿ ಬಡವನಿಲ್ಲ, ಕಾವಲಿಲ್ಲ, ಕರಗುವ ಅರಗಿಲ್ಲ. ಇದು ಹೋಲಿಕೆ ಸಾಧ್ಯವೇ ಅನ್ನುವ ಜಗಳ.

ಅವರು ಉಳಿಸಿಕೊಂಡದ್ದು ಏನು ಗೊತ್ತಾ? ಕ್ರಿಸ್ತನಿಗೆ ನಿಜವಾದ ಪ್ರತಿರೂಪ ಒಂದೇ ಇದೆ, ಅದು ಪ್ರಾರ್ಥನೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸ ಅಂದರು. ರೊಟ್ಟಿ ಯಾರ ಮುಖದ ಹಾಗೂ ಇಲ್ಲ. ಅದಕ್ಕೇ ಅದು ಸರಿ. ಜೊತೆಗೆ ಶಿಲುಬೆಯನ್ನ ಉಳಿಸಿಕೊಂಡರು. 740ರ ಭೂಕಂಪದ ಮೇಲೆ ಮತ್ತೆ ಕಟ್ಟಿದ ಹಾಗಿಯಾ ಐರೀನ್ ಚರ್ಚಿನಲ್ಲಿ, ಮೊಸಾಯಿಕ್ಕಿನ ಬಂಗಾರದ ಗೋಡೆ ಮೇಲೆ ಒಂಟಿ ಶಿಲುಬೆ ಮಾತ್ರ ಇವತ್ತಿಗೂ ನಿಂತಿದೆ. ಪಕ್ಕದ ಹಾಗಿಯಾ ಸೋಫಿಯಾದ ಒಂದು ಸಣ್ಣ ಕೋಣೆಯಲ್ಲಿ ಇನ್ನೂ ಸ್ಪಷ್ಟ ಸಾಕ್ಷಿ ಇದೆ. ಗುಂಡು ಚೌಕಟ್ಟುಗಳ ಒಳಗಿದ್ದ ಸಂತರ ಮುಖಗಳನ್ನ ಕಿತ್ತು ಅಲ್ಲಿ ಶಿಲುಬೆ ಕೂರಿಸಿದ್ದಾರೆ, ಕೆಳಗಿದ್ದ ಹೆಸರುಗಳನ್ನೂ ಕಿತ್ತಿದ್ದಾರೆ, ಹೊಸ ಹರಳು ಹಳೇ ಹರಳಿಗೆ ಸೇರದೆ ತೇಪೆಯ ಅಂಚು ಕಾಣುತ್ತದೆ. ಒಡೆದ ಗುರುತು ಅಂದರೆ ಇದು.

ಚಿತ್ರದ ಪರ ಬಲವಾಗಿ ವಾದಿಸಿದವನು ಡಮಾಸ್ಕಸ್ಸಿನ ಯೋಹಾನ. ಅವನಿದ್ದದ್ದು ಮುಸ್ಲಿಂ ಖಲೀಫರ ಆಳ್ವಿಕೆಯಲ್ಲಿ, ಹಾಗಾಗಿ ಚಕ್ರವರ್ತಿಯ ಕೈಗೆ ಸಿಗಲಿಲ್ಲ. ನಾನು ವಸ್ತುವನ್ನ ಪೂಜಿಸುತ್ತಿಲ್ಲ, ನನಗೋಸ್ಕರ ವಸ್ತುವಿನ ಮೈ ತಾಳಿದವನನ್ನ ಪೂಜಿಸುತ್ತೇನೆ ಅಂದ ಅವನು. ಆಮೇಲೆ ಎದುರಾಳಿಗಳ ಕೈಯಲ್ಲಿ ಉಳಿದಿದ್ದನ್ನೇ ತೋರಿಸಿ, ಶಿಲುಬೆಯ ಮರ ವಸ್ತುವಲ್ಲವೇ, ಸುವಾರ್ತೆಯ ಪುಸ್ತಕದ ಶಾಯಿ ವಸ್ತುವಲ್ಲವೇ ಅಂತ ಕೇಳಿದ. ನಾವು ಮೊದಲು ಇಟ್ಟುಕೊಂಡ ಪ್ರಶ್ನೆಯೇ ಇದು. 787ರಲ್ಲಿ ನೈಸಿಯಾದ ಸಭೆ ಚಿತ್ರದ ಪರ ತೀರ್ಮಾನ ಕೊಟ್ಟಿತು. ಗ್ರೀಕಿನಲ್ಲಿ ಎರಡು ಪದ ಬಳಸಿತು. ಚಿತ್ರಕ್ಕೆ ಬಾಗಿ ಗೌರವ ಕೊಡುವುದು ಪ್ರೊಸ್ಕೈನೆಸಿಸ್, ದೇವರಿಗೆ ಮಾತ್ರ ಸಲ್ಲುವ ಆರಾಧನೆ ಲಾಟ್ರಿಯಾ. ಚಿತ್ರಕ್ಕೆ ಕೊಟ್ಟ ಗೌರವ ಚಿತ್ರದಲ್ಲಿರುವವರಿಗೆ ಸೇರುತ್ತದೆ ಅಂದಿತು. ನಡುವೆ ಮತ್ತೊಮ್ಮೆ ಚಿತ್ರ ನಿಷೇಧ ಬಂದು, 843ರಲ್ಲಿ ಜಗಳ ಮುಗಿಯಿತು.

ಈ ತೀರ್ಮಾನ ಲ್ಯಾಟಿನ್ನಿಗೆ ಅನುವಾದವಾಗಿ ಫ್ರಾಂಕರ ರಾಜ ಶಾರ್ಲಮೇನನ ಆಸ್ಥಾನ ಮುಟ್ಟಿದಾಗ ಒಂದು ಎಡವಟ್ಟಾಯಿತು. ಬಾಗುವುದಕ್ಕೂ ಅಡೊರಾಟಿಯೊ ಅಂತಲೇ ಅನುವಾದ ಮಾಡಿದ್ದರು, ಅದು ಅವರ ಕಿವಿಗೆ ಪೂರ್ತಿ ಆರಾಧನೆ ಅಂತ ಕೇಳಿಸಿತು. ಗ್ರೀಕರು ಬಣ್ಣದ ಹಲಗೆಗೆ ದೇವರ ಆರಾಧನೆ ಮಾಡಿ ಅಂತಿದ್ದಾರೆ ಅಂದುಕೊಂಡು ಉದ್ದನೆಯ ಖಂಡನೆ ಬರೆಸಿದರು.

ನಮಗೂ ಇದೇ ತೊಡಕು ಇದೆ. ಕನ್ನಡ ಬೈಬಲ್ಲಿನಲ್ಲಿ ಖಂಡನೆಗೆ ಬಳಸುವ ಪದ ವಿಗ್ರಹಾರಾಧನೆ. ದೇವಸ್ಥಾನದಲ್ಲಿ ವಿಗ್ರಹ ಅಂದರೆ ಬೈಗುಳ ಅಲ್ಲ, ದೇವರ ಮೈ. ಒಂದೇ ಪದ ಒಂದು ಕಡೆ ಪಾಪ, ಇನ್ನೊಂದು ಕಡೆ ದರ್ಶನ. ಇನ್ನು ಪೂಜೆ ಅನ್ನುವ ಮಾತನ್ನ ನಾವು ದೇವರಿಗೂ ಹೇಳುತ್ತೇವೆ, ಆಯುಧಪೂಜೆಯಲ್ಲಿ ಬೈಕಿಗೂ ಹೇಳುತ್ತೇವೆ. ಹಾಗಂತ ಬೈಕನ್ನ ದೇವರು ಮಾಡಿದೆವು ಅಂತ ಯಾರೂ ಅಂದುಕೊಳ್ಳುವುದಿಲ್ಲ. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಹೇಳುವುದು, ಪರೀಕ್ಷೆಯಲ್ಲಿ "ಅವರು ಕಲ್ಲನ್ನ ಪೂಜಿಸುತ್ತಾರೆ" ಅಂತ ಬರೆಯಬೇಡಿ. ಬಾಗಿದರು, ನೀರೆರೆದರು, ಮುತ್ತಿಟ್ಟರು, ನೋಡುತ್ತಾ ಕೂತರು ಅಂತ ಕಂಡದ್ದನ್ನ ಬರೆಯಿರಿ, ಆಮೇಲೆ ಅವರು ಅದಕ್ಕೆ ಕೊಡುವ ಅರ್ಥ ಬರೆಯಿರಿ. ಮೆಕ್ಕಾದ ಕಪ್ಪು ಕಲ್ಲಿಗೆ ಮುತ್ತಿಡುವಾಗ ಖಲೀಫ ಉಮರ್, ನೀನು ಬರೀ ಕಲ್ಲು, ಕೆಡುಕೂ ಮಾಡಲಾರೆ ಒಳಿತೂ ಮಾಡಲಾರೆ, ಪ್ರವಾದಿ ಮುತ್ತಿಟ್ಟದ್ದನ್ನ ನೋಡಿರದಿದ್ದರೆ ನಾನೂ ಇಡುತ್ತಿರಲಿಲ್ಲ ಅಂದದ್ದು ಹದೀಸಿನಲ್ಲಿ ದಾಖಲಾಗಿದೆ. ಮಾಡಿದ್ದು ಮುತ್ತು, ಕೊಟ್ಟ ಅರ್ಥ ವಿಧೇಯತೆ. ಎರಡನ್ನೂ ಹೇಳದಿದ್ದರೆ ಅರ್ಧ ಹೇಳಿದ ಹಾಗೆ.

ಮತ್ತೆ ನಮ್ಮ ಅಜ್ಜಿಯ ಮಾತಿಗೆ ಬರೋಣ. ಗುರು ಕೊಟ್ಟ ಮೇಲೆ ಲಿಂಗ. ಇಲ್ಲಿ ಪ್ರಾಮಾಣಿಕವಾಗಿ ಒಪ್ಪಬೇಕಾದ ಒಂದು ವಿಷಯ ಇದೆ. ಅರ್ಚಕನ ಪ್ರತಿಷ್ಠೆಯಿಂದ ಕಲ್ಲು ದೇವರಾಗುವುದಕ್ಕೂ ಗುರುವಿನ ದೀಕ್ಷೆಯಿಂದ ಕಲ್ಲು ಲಿಂಗವಾಗುವುದಕ್ಕೂ ಹತ್ತಿರದ ನಂಟಿದೆ. ಮಂತ್ರ ಎರಡರಲ್ಲೂ ಇದೆ, ಕೊಡುವವನೊಬ್ಬ ಎರಡರಲ್ಲೂ ಇದ್ದಾನೆ. ಶರಣರ ಅಂಕಿತಗಳನ್ನೇ ನೋಡಿ. ಕೂಡಲಸಂಗಮದೇವ ಅಂದರೆ ಕೃಷ್ಣಾ ಮಲಪ್ರಭಾ ಸೇರುವ ಕಡೆ ಗುಡಿಯಲ್ಲಿ ನೆಟ್ಟ ಸ್ಥಾವರಲಿಂಗದ ಹೆಸರು. ಅಕ್ಕನ ಚೆನ್ನಮಲ್ಲಿಕಾರ್ಜುನ ಶ್ರೀಶೈಲದವನು. ಸ್ಥಾವರ ಬೇಡ ಅನ್ನುವ ವಚನದಲ್ಲೂ ಕೂಗುವುದು ಸ್ಥಾವರದ ಹೆಸರನ್ನೇ. ಕೆಲವರು ಇದನ್ನ ವಿರೋಧಾಭಾಸ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೆಸರು ಗುಡಿಯಿಂದ ಎದ್ದು ಬಂದು ಬಾಯಿಗೆ, ಅಂಗೈಗೆ ಬಂದಿದೆ. ಆದರೆ ಹಾಗೆ ಎದ್ದು ಬಂದದ್ದು ಮತ್ತೆ ನೆಲೆಯೂರಬಹುದು ಅನ್ನುವುದೂ ನಿಜ. ಶರಣರ ಗದ್ದುಗೆಗಳಿಗೆ ಗೋಪುರ ಬಂದಿದೆ, ಬಸವಕಲ್ಯಾಣದಲ್ಲಿ ಬಸವಣ್ಣನದೇ 108 ಅಡಿಯ ಪ್ರತಿಮೆ ಇದೆ, ಅಲ್ಲಿ ನಿಂತು ಕೈ ಮುಗಿಯುವವರನ್ನ ನಾನೇ ನೋಡಿದ್ದೇನೆ. ಅದು ಸ್ಮಾರಕವೋ ಪೂಜೆಯೋ ಅಂತ ಕೇಳಿದರೆ ಅವರಲ್ಲೇ ಬೇರೆ ಬೇರೆ ಉತ್ತರ ಬರುತ್ತದೆ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ಅಲ್ಲಿ ಹೋಗಿ ಒಂದು ದಿನ ಕೂತು ಕೇಳಿ ಬರೆದುಕೊಂಡು ಬರಬಹುದು.

ಅಜ್ಜಿ ತೀರಿಕೊಂಡಾಗ ಸ್ವಾಮಿಗಳು ಬಂದು, ಸಮಾಧಿಯಲ್ಲಿ ಕೂರಿಸುವ ಮೊದಲು, ಕರಡಿಗೆಯಿಂದ ಲಿಂಗ ತೆಗೆದು ಅವರ ಎಡಗೈಯಲ್ಲಿಟ್ಟರು. ಬೆಳ್ಳಿ ಕರಡಿಗೆ ಮನೆಗೆ ವಾಪಸ್ ಬಂತು. ಲಿಂಗ ಬರಲಿಲ್ಲ. ಅದನ್ನ ಮಗಳಿಗೆ ಕೊಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಅಂಜಿಕೆಯಾದರೆ ಹೂಳುವ ದೈವ ಅಂತ ಬಸವಣ್ಣ ಹೇಳಿದ್ದನ್ನ ಓದುವಾಗೆಲ್ಲ ನನಗೆ ಆ ದಿನ ನೆನಪಾಗುತ್ತದೆ. ಅಲ್ಲೂ ಮಣ್ಣು ಮುಚ್ಚಿದ್ದೇ, ಆದರೆ ಕೈ ಒಳಗೇ ಇತ್ತು.